ಹಲಗೆಯನ್ನು ಓರೆ ಮಾಡಿ ಘರ್ಷಣಾ ಗುಣಾಂಕವನ್ನು ಅಳೆಯುವ ಕ್ರಮ

ಮಂಡ್ಯದ ಕಡೆಯ ಆಲೆಮನೆಯೊಂದರಲ್ಲಿ ಬೆಲ್ಲ ತುಂಬಿದ ಮರದ ಪೆಟ್ಟಿಗೆಗಳನ್ನು ಎತ್ತರದ ಜಗುಲಿಯಿಂದ ಕೆಳಗಿನ ಅಂಗಳಕ್ಕೆ ಹಲಗೆಯ ಮೇಲೆ ಜಾರಿಸಿ ಇಳಿಸಬೇಕಾಗಿದೆ ಎಂದುಕೊಳ್ಳೋಣ. ಹಲಗೆಯನ್ನು ಎಷ್ಟು ಓರೆಯಾಗಿ ಇಟ್ಟರೆ ಪೆಟ್ಟಿಗೆ ತಾನಾಗಿಯೇ ಜಾರಲು ಆರಂಭಿಸುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ಇದಕ್ಕೆ ಉತ್ತರ ಕೊಡುವ ಸಂಖ್ಯೆಯೇ ಪೆಟ್ಟಿಗೆಯ ತಳಕ್ಕೂ ಹಲಗೆಗೂ ನಡುವಿನ ಸ್ಥಾಯಿ ಘರ್ಷಣೆಯ ಗುಣಾಂಕ. ಪುಸ್ತಕಗಳ ಪಟ್ಟಿಯಲ್ಲಿ ಮರದ ಮೇಲೆ ಮರ ಎಂಬುದಕ್ಕೆ ಸಾಮಾನ್ಯವಾಗಿ 0.25ರಿಂದ 0.5ರವರೆಗಿನ ಬೆಲೆ ಸಿಗುತ್ತದೆ. ಇಷ್ಟು ಅಗಲವಾದ ಅಂತರವಿರುವ ಬೆಲೆಯನ್ನು ನಂಬಿ ಹಲಗೆ ಹೊಂದಿಸಲು ಆಗುವುದಿಲ್ಲವಾದ್ದರಿಂದ ನಮ್ಮದೇ ಮರವನ್ನು ನಾವೇ ಅಳೆಯಬೇಕು. ಅದಕ್ಕೆ ಬೇಕಾದ ಉಪಕರಣಗಳೆಲ್ಲ ಬಡಗಿಯ ಅಂಗಡಿಯಲ್ಲಿಯೂ ಶಾಲೆಯ ಪ್ರಯೋಗಾಲಯದಲ್ಲಿಯೂ ಇರುವಂಥವೇ ಆಗಿವೆ.

ತತ್ತ್ವ

ಓರೆಯಾದ ಹಲಗೆಯ ಮೇಲೆ ಕುಳಿತಿರುವ ಮರದ ತುಂಡಿನ ತೂಕವನ್ನು ಎರಡು ಭಾಗಗಳಾಗಿ ನೋಡಬಹುದು. ಒಂದು ಭಾಗ ಹಲಗೆಯನ್ನು ನೇರವಾಗಿ ಅದುಮುತ್ತದೆ, ಇನ್ನೊಂದು ಭಾಗ ತುಂಡನ್ನು ಇಳಿಜಾರಿನ ಗುಂಟ ಕೆಳಕ್ಕೆ ಎಳೆಯುತ್ತದೆ. ಹಲಗೆಯ ಕೋನ θ ಆಗಿದ್ದರೆ ಅದುಮುವ ಭಾಗ mg cos θ, ಎಳೆಯುವ ಭಾಗ mg sin θ. ಕೋನ ಹೆಚ್ಚಿದಂತೆ ಎಳೆತ ಹೆಚ್ಚುತ್ತದೆ, ಅದುಮು ಕಡಿಮೆಯಾಗುತ್ತದೆ. ಗುಣಾಂಕವನ್ನು μ ಎಂದು ಕರೆದರೆ ಸ್ಥಾಯಿ ಘರ್ಷಣೆ ತಡೆದುಕೊಳ್ಳಬಲ್ಲ ಗರಿಷ್ಠ ಬಲ ಅದುಮಿನ μ ಪಾಲು ಆಗಿರುವುದರಿಂದ, ತುಂಡು ಜಾರಲು ಹೊರಡುವ ಕ್ಷಣದಲ್ಲಿ ಎರಡೂ ಬಲಗಳು ಸಮವಾಗಿರುತ್ತವೆ.

```
mg sin θ = μ mg cos θ
μ = tan θ
```

ತುಂಡಿನ ತೂಕ ಎರಡೂ ಕಡೆಯಿಂದ ಹೋಗಿಬಿಡುತ್ತದೆ ಎಂಬುದೇ ಈ ವಿಧಾನದ ದೊಡ್ಡ ಅನುಕೂಲ. ತಕ್ಕಡಿಯೂ ಬೇಡ, ಸ್ಪ್ರಿಂಗ್ ತ್ರಾಸೂ ಬೇಡ, ಕೇವಲ ಒಂದು ಕೋನ ಸಾಕು. ಆದರೆ ತೂಕ ನಿಜವಾಗಿಯೂ ಹೋಗಿದೆಯೇ ಎಂಬುದನ್ನು ಪ್ರಯೋಗದಲ್ಲಿ ಪರೀಕ್ಷಿಸಿ ನೋಡಬೇಕಾಗುತ್ತದೆ. ಬೆಲ್ಲದ ವಿಷಯದಲ್ಲಿ ಅದು ಹೋಗುವುದಿಲ್ಲ, ಅದನ್ನು ಮುಂದೆ ನೋಡೋಣ.

ಕೋನಮಾಪಕದ ಬದಲು ಅಳತೆಪಟ್ಟಿ

ಕೋನವನ್ನು ಕೋನಮಾಪಕದಿಂದ ಓದುವುದು ಸಹಜವಾಗಿ ಹೊಳೆಯುವ ದಾರಿಯಾದರೂ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಪ್ಲಾಸ್ಟಿಕ್ ಕೋನಮಾಪಕದಲ್ಲಿ ಒಂದು ಡಿಗ್ರಿ ತಪ್ಪುವುದು ಬಹಳ ಸುಲಭ, ಮತ್ತು μ 0.4ರ ಆಸುಪಾಸಿನಲ್ಲಿರುವಾಗ ಆ ಒಂದು ಡಿಗ್ರಿ ಗುಣಾಂಕದಲ್ಲಿ 0.02ರಷ್ಟು ವ್ಯತ್ಯಾಸ ತರುತ್ತದೆ. ನಮಗೆ ಬೇಕಿರುವುದು ಕೋನವಲ್ಲ, ಅದರ ಟ್ಯಾನ್ ಬೆಲೆ. ಅದು ಎತ್ತರವನ್ನು ಅಡ್ಡ ದೂರದಿಂದ ಭಾಗಿಸಿದರೆ ನೇರವಾಗಿ ಸಿಗುತ್ತದೆ. ಆದ್ದರಿಂದ ಹಲಗೆ ತಿರುಗುವ ಅಂಚಿನಿಂದ ಸರಿಯಾಗಿ 100 ಸೆಂ.ಮೀ. ದೂರದಲ್ಲಿ ಒಂದು ಅಳತೆಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಹಲಗೆಯ ತಳ ಆ ಪಟ್ಟಿಯನ್ನು ಎಷ್ಟು ಎತ್ತರದಲ್ಲಿ ದಾಟುತ್ತದೆ ಎಂದು ಓದಬೇಕು. 38 ಸೆಂ.ಮೀ. ಎತ್ತರದಲ್ಲಿ ತುಂಡು ಜಾರಿದರೆ ಗುಣಾಂಕ 0.38. ಯಾವ ಕೋಷ್ಟಕವನ್ನೂ ತೆರೆಯಬೇಕಾಗಿಲ್ಲ. ಎತ್ತರದಲ್ಲಿ ಎರಡು ಮಿಲಿಮೀಟರ್ ತಪ್ಪಿದರೂ ಗುಣಾಂಕ 0.002ರಷ್ಟು ಮಾತ್ರ ತಪ್ಪುತ್ತದೆ.

ಇದಕ್ಕೆ 120 ಸೆಂ.ಮೀ. ಉದ್ದದ ಹಲಗೆ ಬೇಕು. ಓರೆಯಾದಂತೆ ಹಲಗೆಯ ತುದಿ ಹಿಂದಕ್ಕೆ ಸರಿಯುತ್ತದೆ, ಮತ್ತು 120 ಸೆಂ.ಮೀ. ಇದ್ದರೆ ಗುಣಾಂಕ 0.66ರವರೆಗೆ ಹೋದರೂ ಅದರ ತಳ ಅಳತೆಪಟ್ಟಿಯನ್ನು ತಲುಪುತ್ತದೆ. ರಬ್ಬರಿನಂಥ ಹೆಚ್ಚು ಹಿಡಿತದ ವಸ್ತುಗಳಿಗೆ ಪಟ್ಟಿಯನ್ನು 50 ಸೆಂ.ಮೀ. ದೂರಕ್ಕೆ ತಂದು ಓದನ್ನು ಎರಡರಿಂದ ಗುಣಿಸಿ ನೂರರಿಂದ ಭಾಗಿಸಬಹುದು.

ಜೋಡಣೆ

ಮೊದಲು ಮೇಜನ್ನು ರಸಮಟ್ಟದಿಂದ ಪರೀಕ್ಷಿಸಿ, ಕಾಲುಗಳ ಕೆಳಗೆ ಮಡಿಸಿದ ಕಾಗದವನ್ನು ತುರುಕಿ ಸಮ ಮಾಡಬೇಕು. ಮೇಜಿನ ಒಂದು ತುದಿಗೆ ರೀಪರ್ ಪಟ್ಟಿಯೊಂದನ್ನು ಅಡ್ಡಲಾಗಿ ಮೊಳೆ ಹೊಡೆದು ಕೂರಿಸಿ, ಹಲಗೆಯ ಕೆಳ ಅಂಚು ಅದಕ್ಕೆ ಒತ್ತಿ ನಿಲ್ಲುವಂತೆ ಇಡಬೇಕು. ಈ ಅಂಚೇ ತಿರುಗುವ ಅಕ್ಷವಾಗುತ್ತದೆ. ಕೀಲು ಹಾಕಿದರೆ ಅದರ ಕಡ್ಡಿ ಹಲಗೆಯ ತಳದ ಮಟ್ಟದಲ್ಲಿ ಇರುವುದಿಲ್ಲ, ಆಗ ಎತ್ತರದಲ್ಲಿ ಒಂದು ಸ್ಥಿರವಾದ ತಪ್ಪು ಸೇರಿಕೊಳ್ಳುತ್ತದೆ. ಹಾಗಾಗಿ ಕೀಲಿಗಿಂತ ಬರಿಯ ಪಟ್ಟಿಯೇ ಮೇಲು.

ಅಂಚಿನಿಂದ 100 ಸೆಂ.ಮೀ. ದೂರದಲ್ಲಿ, ಹಲಗೆಯ ಪಕ್ಕಕ್ಕೆ ತಾಗದಂತೆ ಆದರೆ ತೀರ ಹತ್ತಿರದಲ್ಲಿ, ಮೀಟರ್ ಪಟ್ಟಿಯನ್ನು ಮೂಲೆಮಟ್ಟ ಹಿಡಿದು ಮೇಜಿಗೆ ಲಂಬವಾಗಿ ನಿಲ್ಲಿಸಬೇಕು. ಪಟ್ಟಿಯ ಸೊನ್ನೆ ಮೇಜಿನ ಮಟ್ಟದಲ್ಲಿಯೇ ಇರಬೇಕು. ಹಳೆಯ ಮರದ ಮೀಟರ್ ಪಟ್ಟಿಗಳ ತುದಿ ಸವೆದು ಸೊನ್ನೆಯೇ ಇಲ್ಲದಂತಾಗಿರುವುದು ಉಂಟು, ಅಂಥದಾದರೆ ಸವೆದಷ್ಟನ್ನು ಪ್ರತಿ ಓದಿನಿಂದಲೂ ಕಳೆಯಬೇಕು. ಓದುವಾಗ ಹಲಗೆಯ ಮೇಲ್ಮೈಯನ್ನಲ್ಲ, ತಳದ ಗೆರೆಯನ್ನು ನೋಡಬೇಕು, ಏಕೆಂದರೆ ಎರಡು ಸೆಂ.ಮೀ. ದಪ್ಪದ ಹಲಗೆಯ ಮೇಲ್ಮೈಯನ್ನು ಓದಿದರೆ ಗುಣಾಂಕಕ್ಕೆ ಸುಮ್ಮನೆ 0.02 ಸೇರಿಹೋಗುತ್ತದೆ. ಕಣ್ಣು ಓದುವ ಗೆರೆಯ ಮಟ್ಟದಲ್ಲಿಯೇ ಇರಬೇಕು.

ಹಲಗೆಯನ್ನು ಎತ್ತಲು ಕೈಯನ್ನು ನಂಬುವಂತಿಲ್ಲ. ಹಲಗೆಯ ಮೇಲ್ತುದಿಗೆ ಗಟ್ಟಿ ಹತ್ತಿಯ ಹುರಿಯನ್ನು ಕಟ್ಟಿ, ತೊಲೆಗೋ ಕಿಟಕಿಯ ಸರಳಿಗೋ ಸಿಕ್ಕಿಸಿದ ಸಣ್ಣ ರಾಟೆಯ ಮೇಲೆ ಹಾಯಿಸಿ, ಇನ್ನೊಂದು ತುದಿಯನ್ನು ಒಂದು ದುಂಡನೆಯ ಕೋಲಿಗೆ ಸುತ್ತಬೇಕು. ಕೋಲನ್ನು ತಿರುಗಿಸಿದಂತೆ ಹಲಗೆ ಮೆಲ್ಲನೆ ಏಳುತ್ತದೆ. ನೈಲಾನ್ ದಾರ ಹಿಗ್ಗಿ ಕುಗ್ಗಿ ಹಲಗೆಯನ್ನು ಕುಣಿಸುವುದರಿಂದ ಅದನ್ನು ಬಳಸಬಾರದು. ಕಾರಿನ ಸ್ಕ್ರೂ ಜಾಕ್ ಇದ್ದರೆ ಅದೂ ಆಗಬಹುದು, ಆದರೆ ಹಿಡಿಯನ್ನು ತಿರುಗಿಸುವಾಗ ಬರುವ ನಡುಕ ಹಲಗೆಗೂ ಹರಡುತ್ತದೆ.

ಮರದ ತುಂಡು ಮತ್ತು ಅದರ ಮೈ

ತುಂಡು ಚಪ್ಪಟೆಯಾಗಿರಬೇಕು. ಇಳಿಜಾರಿನ ಗುಂಟ ಅದರ ಉದ್ದವನ್ನು ಎತ್ತರದಿಂದ ಭಾಗಿಸಿದಾಗ ಬರುವ ಸಂಖ್ಯೆಗಿಂತ ಗುಣಾಂಕ ಹೆಚ್ಚಾಗಿದ್ದರೆ ತುಂಡು ಜಾರುವ ಮೊದಲೇ ಮಗುಚುತ್ತದೆ. 12 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರದ ತುಂಡಿಗೆ ಆ ಸಂಖ್ಯೆ 3 ಆಗುವುದರಿಂದ ಭಯವಿಲ್ಲ. ಎತ್ತರದ ತುಂಡಿನಲ್ಲಿ ಮಗುಚದಿದ್ದರೂ ಭಾರವೆಲ್ಲ ಮುಂದಿನ ಅಂಚಿನ ಮೇಲೆ ಬಿದ್ದು, ಆ ಅಂಚು ಹಲಗೆಯ ಎಳೆಗೆ ಚುಚ್ಚಿಕೊಳ್ಳುವ ತೊಂದರೆ ಇರುತ್ತದೆ. ಮುಂದಿನ ಕೆಳ ಅಂಚನ್ನು ಉಪ್ಪುಕಾಗದದಿಂದ ಸ್ವಲ್ಪ ದುಂಡು ಮಾಡಿಕೊಳ್ಳುವುದು ಒಳ್ಳೆಯದು.

ನಮ್ಮ ಉದಾಹರಣೆಯಲ್ಲಿ ಪೆಟ್ಟಿಗೆಯ ತಳದ ಮರದಿಂದಲೇ ತುಂಡನ್ನು ಕೊಯ್ದುಕೊಳ್ಳಬೇಕು, ಮತ್ತು ಜಾರುಹಲಗೆಗೆ ಬಳಸಲಿರುವ ಮರವನ್ನೇ ಕೆಳಗಿಡಬೇಕು. ಎರಡನ್ನೂ ತೋಪಡ ಹೊಡೆದು, 120ನೇ ನಂಬರಿನ ಉಪ್ಪುಕಾಗದದಿಂದ ಎಳೆಯ ಗುಂಟ ಉಜ್ಜಿ, ಒಣಬಟ್ಟೆಯಿಂದ ಪುಡಿಯನ್ನು ಒರೆಸಬೇಕು. ಕೆಲಸಕ್ಕೆ ಬರುವ ಹಲಗೆಯನ್ನು ಉಜ್ಜದೆ ಹಾಗೆಯೇ ಬಳಸುವುದಾದರೆ ಪ್ರಯೋಗದ ಹಲಗೆಯನ್ನೂ ಉಜ್ಜಬಾರದು. ಅಳೆಯುತ್ತಿರುವುದು ಮರದ ಜಾತಿಯನ್ನಲ್ಲ, ಈ ಎರಡು ಮೈಗಳ ಜೋಡಿಯನ್ನು ಎಂಬುದು ನೆನಪಿನಲ್ಲಿರಬೇಕು. ಎಳೆಯ ಗುಂಟ ಜಾರುವಾಗಲೂ ಎಳೆಗೆ ಅಡ್ಡಲಾಗಿ ಜಾರುವಾಗಲೂ ಬೆಲೆ ಒಂದೇ ಇರುವುದಿಲ್ಲ, ಆದ್ದರಿಂದ ದಿಕ್ಕನ್ನು ಬರೆದಿಟ್ಟುಕೊಳ್ಳಬೇಕು.

ಉಜ್ಜಿದ ಮೈಯನ್ನು ಬೆರಳಿನಿಂದ ಮುಟ್ಟಬಾರದು, ಬೆವರು ಮತ್ತು ಎಣ್ಣೆಯಂಶ ಅಂಟಿ ಆ ಜಾಗದ ಘರ್ಷಣೆ ಬದಲಾಗುತ್ತದೆ. ತುಂಡನ್ನು ಇಡುವ ಜಾಗವನ್ನು ಗುರುತಿಸಲು ಹಲಗೆಯ ಮೇಲೆ ಪೆನ್ಸಿಲ್ಲಿನಿಂದ ಗೀಚುವ ಅಭ್ಯಾಸವನ್ನಂತೂ ಬಿಡಲೇಬೇಕು. ಪೆನ್ಸಿಲ್ಲಿನೊಳಗಿನ ಗ್ರಾಫೈಟ್ ಜಾರುವಿಕೆಯನ್ನು ಹೆಚ್ಚಿಸಲು ಬಳಸುವ ವಸ್ತುವೇ ಆಗಿದೆ. ಗುರುತನ್ನು ಹಲಗೆಯ ಪಕ್ಕದ ದಪ್ಪದ ಮೇಲೆ ಹಾಕಿದರೆ ಸಾಕು.

ಹಲಗೆ ಬಾಗಿದೆಯೇ ಎಂದು ನೇರವಾದ ಪಟ್ಟಿಯೊಂದನ್ನು ಅದರ ಉದ್ದಕ್ಕೆ ಇಟ್ಟು ನೋಡಬೇಕು. ಒಂದು ಮೀಟರಿನಲ್ಲಿ ಎರಡು ಮಿಲಿಮೀಟರಿನಷ್ಟು ಬಾಗಿದ್ದರೂ ತುದಿಗಳ ಬಳಿ ಇಳಿಜಾರು 0.008ರಷ್ಟು ಬೇರೆಯಾಗಿರುತ್ತದೆ. ನಡುಭಾಗದಲ್ಲಿ ಈ ತಪ್ಪು ತೀರ ಕಡಿಮೆಯಾದ್ದರಿಂದ ತುಂಡನ್ನು ಅಲ್ಲಿಯೇ ಇಡುವುದು ಕ್ಷೇಮ.

ಎತ್ತುವ ಕ್ರಮ

ತುಂಡನ್ನು ಅದರ ಪಕ್ಕಗಳಿಂದ ಹಿಡಿದು ಹಲಗೆಯ ಮೇಲೆ ಮೆಲ್ಲಗೆ ಇಡಬೇಕು, ಒತ್ತಬಾರದು. ಇಟ್ಟ ಮೇಲೆ ಒಂದು ನಿಮಿಷ ಕಾಯಬೇಕು, ಮತ್ತು ಪ್ರತಿ ಸಲವೂ ಅಷ್ಟೇ ಕಾಯಬೇಕು. ಈ ಕಾಯುವಿಕೆಗೆ ಕಾರಣವಿದೆ: ಎರಡು ಮೈಗಳು ಹೆಚ್ಚು ಹೊತ್ತು ತಾಗಿಕೊಂಡಿದ್ದಷ್ಟೂ ಸ್ಥಾಯಿ ಘರ್ಷಣೆ ಸ್ವಲ್ಪ ಸ್ವಲ್ಪವಾಗಿ ಏರುತ್ತದೆ. ಫ್ರಾನ್ಸಿನ ಕೂಲಂಬ್ 18ನೇ ಶತಮಾನದಲ್ಲಿ ಮರದ ಮೇಲೆ ನಡೆಸಿದ ಪ್ರಯೋಗಗಳಲ್ಲಿಯೇ ಇದನ್ನು ಗಮನಿಸಿದ್ದನು. ಮೈಗಳು ಬರಿಗಣ್ಣಿಗೆ ನಯವಾಗಿ ಕಂಡರೂ ನಿಜವಾಗಿ ತಾಗುವುದು ಅವುಗಳ ಸೂಕ್ಷ್ಮ ಉಬ್ಬುಗಳ ತುದಿಗಳು ಮಾತ್ರ, ಮತ್ತು ಹೊತ್ತು ಕಳೆದಂತೆ ಆ ತುದಿಗಳು ಮೆಲ್ಲಗೆ ಅಮರಿ ತಾಗುವ ಜಾಗ ಹೆಚ್ಚುತ್ತದೆ. ಒಂದು ಸಲ ಐದು ಸೆಕೆಂಡು, ಇನ್ನೊಂದು ಸಲ ಊಟ ಮುಗಿಸಿ ಬರುವಷ್ಟು ಹೊತ್ತು ಬಿಟ್ಟರೆ ಎರಡು ಓದುಗಳನ್ನು ಹೋಲಿಸಲು ಆಗುವುದಿಲ್ಲ.

ಆರಂಭದಲ್ಲಿ ಹಲಗೆಯನ್ನು ಬೇಗ ಎತ್ತಬಹುದು. ತುಂಡು ಜಾರುವ ಎತ್ತರ ಸುಮಾರಾಗಿ ತಿಳಿದ ಮೇಲೆ, ಅದಕ್ಕೆ ಐದು ಸೆಂ.ಮೀ. ಮೊದಲಿನಿಂದ ಅಳತೆಪಟ್ಟಿಯ ಮೇಲೆ ಸೆಕೆಂಡಿಗೆ ಎರಡು ಮಿಲಿಮೀಟರಿಗಿಂತ ವೇಗವಾಗದಂತೆ ಎತ್ತಬೇಕು. ಈ ವೇಗದಲ್ಲಿ, ನೋಡಿ ನಿಲ್ಲಿಸುವುದರೊಳಗೆ ಅರ್ಧ ಸೆಕೆಂಡು ಕಳೆದರೂ ಒಂದು ಮಿಲಿಮೀಟರ್ ಮಾತ್ರ ತಪ್ಪುತ್ತದೆ. ಇಬ್ಬರಿದ್ದರೆ ಒಬ್ಬರು ತುಂಡನ್ನೇ ನೋಡುತ್ತಿದ್ದು ಜಾರಿದೊಡನೆ ಹೇಳಬೇಕು, ಇನ್ನೊಬ್ಬರು ಕೋಲನ್ನು ಹಿಡಿದು ಓದಬೇಕು. ಕೆಳಗೆ ಪಟ್ಟಿಯ ಬಳಿ ಮಡಿಸಿದ ಗೋಣಿಚೀಲವಿರಲಿ, ಇಲ್ಲವಾದರೆ ತುಂಡು ಬಡಿದು ಅದರ ಅಂಚು ಹಾಳಾಗುತ್ತದೆ.

ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿಯಿದೆ. ಹಲಗೆ ಏಳುತ್ತಿರುವಾಗ ಅದನ್ನು ಥಟ್ಟನೆ ನಿಲ್ಲಿಸಿದರೆ, ಮೇಲಕ್ಕೆ ಚಲಿಸುತ್ತಿದ್ದ ತುಂಡು ಒಂದು ಕ್ಷಣ ಹಲಗೆಯನ್ನು ಕಡಿಮೆ ಅದುಮುತ್ತದೆ. ಅದುಮು ಕಡಿಮೆಯಾದರೆ ಹಿಡಿತವೂ ಕಡಿಮೆ, ಹೀಗಾಗಿ ಜಾರಬಾರದ ಕೋನದಲ್ಲಿಯೇ ತುಂಡು ಜಾರಿಬಿಡುತ್ತದೆ. ಎತ್ತುತ್ತಾ ನಿಲ್ಲಿಸುತ್ತಾ ಹೋಗುವವರ ಓದುಗಳು ಕಡಿಮೆ ಬರುವುದಕ್ಕೆ ಇದು ಒಂದು ಕಾರಣ. ಗುರುತಿಸುವುದು ಕಷ್ಟವಲ್ಲ: ಹಲಗೆ ಚಲಿಸುತ್ತಿರುವಾಗಲ್ಲದೆ ನಿಂತ ಕ್ಷಣದಲ್ಲಿಯೇ ತುಂಡು ಜಾರಿದ್ದರೆ ಆ ಓದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ತುಂಡು ಒಂದೆರಡು ಮಿಲಿಮೀಟರ್ ಸರಿದು ಮತ್ತೆ ನಿಂತುಬಿಡುವುದೂ ಉಂಟು. ಅದನ್ನು ಜಾರುವಿಕೆ ಎಂದು ಎಣಿಸಬೇಕೇ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ನನ್ನ ಅಭಿಪ್ರಾಯದಲ್ಲಿ ಹೊರಟು ನಿಲ್ಲದೆ ಕೆಳಗಿನವರೆಗೆ ಹೋದದ್ದನ್ನು ಮಾತ್ರ ಎಣಿಸಿ, ಸರಿದು ನಿಂತದ್ದನ್ನು ಪಕ್ಕದಲ್ಲಿ ಬರೆದಿಡುವುದು ಸರಿ. ಅದೇ ಜಾಗದಲ್ಲಿ ಮತ್ತೆ ಮತ್ತೆ ನಿಲ್ಲುತ್ತಿದ್ದರೆ ಅಲ್ಲಿ ಗಂಟೋ ಅಂಟೋ ಇರುತ್ತದೆ.

ಓದುಗಳ ಲೆಕ್ಕ

ಒಂದು ಮಾದರಿ ಲೆಕ್ಕವನ್ನು ಪೂರ್ತಿಯಾಗಿ ಮಾಡೋಣ. ಎಳೆಯ ಗುಂಟ, ಒಂದು ನಿಮಿಷ ಕಾದು, ಹತ್ತು ಸಲ ಎತ್ತಿದಾಗ ಅಳತೆಪಟ್ಟಿಯ ಮೇಲೆ ಸೆಂಟಿಮೀಟರುಗಳಲ್ಲಿ ಕ್ರಮವಾಗಿ 36.8, 38.1, 37.4, 39.0, 37.7, 36.9, 38.4, 37.3, 38.6 ಮತ್ತು 37.8 ಬಂದವು ಎಂದಿಟ್ಟುಕೊಳ್ಳೋಣ. ಮೊತ್ತ 378.0, ಸರಾಸರಿ 37.8, ಆದ್ದರಿಂದ ಗುಣಾಂಕ 0.378. ಕೋನವನ್ನೇ ಹೇಳಬೇಕೆಂದರೆ ಅದು 20.7 ಡಿಗ್ರಿ.

ಓದುಗಳು 36.8ರಿಂದ 39.0ರವರೆಗೆ ಹರಡಿವೆ. ಅಳತೆಪಟ್ಟಿಯನ್ನು ಮಿಲಿಮೀಟರಿನವರೆಗೆ ಓದಿದ್ದರೂ ಎರಡು ಸೆಂ.ಮೀ. ಹರಡಿಕೊಂಡಿರುವುದು ಓದುವವರ ತಪ್ಪಲ್ಲ. ಪ್ರತಿ ಸಲ ಇಟ್ಟಾಗಲೂ ಬೇರೆ ಬೇರೆ ಉಬ್ಬುಗಳು ತಾಗುವುದರಿಂದ ಘರ್ಷಣೆಯ ಸ್ವಭಾವವೇ ಹಾಗೆ. ಓದುಗಳನ್ನು ಬಂದ ಕ್ರಮದಲ್ಲಿಯೇ ಬರೆಯಬೇಕು, ದೊಡ್ಡದು ಚಿಕ್ಕದೆಂದು ಜೋಡಿಸಬಾರದು. ಮೇಲಿನ ಹತ್ತರಲ್ಲಿ ಏರಿಳಿತವಿದೆಯೇ ಹೊರತು ಒಂದೇ ದಿಕ್ಕಿನ ಒಲವು ಕಾಣುವುದಿಲ್ಲ. ಅದರ ಬದಲು ಓದುಗಳು ಸಲದಿಂದ ಸಲಕ್ಕೆ ಇಳಿಯುತ್ತಲೇ ಇದ್ದರೆ ಮೈ ಸವೆದು ನುಣುಪಾಗುತ್ತಿದೆ ಎಂದರ್ಥ, ಆಗ ಸರಾಸರಿಗೆ ಬೆಲೆಯಿಲ್ಲ. ಮೈಯನ್ನು ಮತ್ತೆ ಉಜ್ಜಿ ಹೊಸದಾಗಿ ಆರಂಭಿಸಬೇಕು, ಇಲ್ಲವೇ ಇಳಿತ ನಿಲ್ಲುವವರೆಗೆ ಜಾರಿಸಿ ಆಮೇಲೆ ಅಳೆಯಬೇಕು. ದಿನವೂ ಪೆಟ್ಟಿಗೆಗಳು ಜಾರುವ ಹಲಗೆಗೆ ಎರಡನೆಯದೇ ಸೂಕ್ತ.

ಈಗ ಮೇಜಿನ ಮಟ್ಟವನ್ನು ಪರೀಕ್ಷಿಸುವ ಸರದಿ. ರಸಮಟ್ಟದ ಗುಳ್ಳೆ ನಡುವಿನಲ್ಲಿ ನಿಂತಿದ್ದರೂ ನಂಬದೆ, ಇಡೀ ಜೋಡಣೆಯನ್ನು ಮೇಜಿನ ಮೇಲೆ ತಿರುವುಮುರುವು ಮಾಡಿ, ಹಲಗೆಯ ಕೆಳ ಅಂಚು ಈಗ ಮೇಜಿನ ಇನ್ನೊಂದು ತುದಿಯಲ್ಲಿರುವಂತೆ ಇಟ್ಟು ಮತ್ತೆ ಹತ್ತು ಓದುಗಳನ್ನು ತೆಗೆದುಕೊಳ್ಳಬೇಕು. ಈ ಬಾರಿ ಸರಾಸರಿ 36.2 ಬಂತು ಎಂದುಕೊಳ್ಳೋಣ. ಮೇಜು ಸಮವಾಗಿದ್ದರೆ ಎರಡೂ ಹತ್ತಿರ ಹತ್ತಿರ ಬರಬೇಕಾಗಿತ್ತು. 0.378 ಮತ್ತು 0.362ರ ನಡುವಿನ ಅಂತರ ಮೇಜು ಸುಮಾರು 0.4 ಡಿಗ್ರಿ, ಅಂದರೆ ಮೀಟರಿಗೆ ಏಳು ಮಿಲಿಮೀಟರ್ ವಾಲಿದೆ ಎಂದು ಹೇಳುತ್ತದೆ. ವಾಲಿಕೆ ಒಂದು ದಿಕ್ಕಿನಲ್ಲಿ ಕೂಡಿದಷ್ಟೇ ಇನ್ನೊಂದು ದಿಕ್ಕಿನಲ್ಲಿ ಕಳೆದಿರುವುದರಿಂದ ಎರಡರ ಸರಾಸರಿ 0.370 ಸರಿಯಾದ ಬೆಲೆಯಾಗುತ್ತದೆ. ಬರೆಯುವಾಗ 0.37 ಎಂದು ಬರೆದು, ಓದುಗಳು ಅದರ ಎರಡೂ ಕಡೆ 0.01ರಷ್ಟು ಹರಡಿದ್ದವು ಎಂದು ಸೇರಿಸಬೇಕು. ಮೂರನೆಯ ದಶಾಂಶವನ್ನು ಉಳಿಸಿಕೊಳ್ಳುವುದು ಇಂಥ ಮೈಗಳ ವಿಷಯದಲ್ಲಿ ಬರಿಯ ತೋರಿಕೆ.

ಜೊತೆಗೆ ತಿಂಗಳನ್ನೂ ಹವೆಯನ್ನೂ ಬರೆದಿಡಬೇಕು. ಮರ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಒಣ ಮಾರ್ಚಿನಲ್ಲಿ ಅಳೆದದ್ದು ಜುಲೈನ ಜಡಿಮಳೆಯಲ್ಲಿ ಹಾಗೆಯೇ ಇರುತ್ತದೆ ಎಂದು ಭಾವಿಸುವಂತಿಲ್ಲ.

ತೂಕ ಹೇರಿ ಪರೀಕ್ಷೆ, ಮತ್ತು ಬೆಲ್ಲದ ತೊಡಕು

ಕೊನೆಯ ಪರೀಕ್ಷೆ ತೂಕದ್ದು. ತುಂಡಿನ ಮೇಲೆ ಅರ್ಧ ಕಿಲೋ, ಆಮೇಲೆ ಒಂದು ಕಿಲೋ ತೂಕದ ಬಟ್ಟನ್ನು ನಡುವಿನಲ್ಲಿ ಕಟ್ಟಿ ಅದೇ ಓದುಗಳನ್ನು ಮತ್ತೆ ತೆಗೆದುಕೊಳ್ಳಬೇಕು. ಒಣ ಮರದ ಮೇಲೆ ಒಣ ಮರವಿದ್ದರೆ ಸರಾಸರಿ ಹಿಂದಿನ ಹರವಿನೊಳಗೇ ಇರುತ್ತದೆ. ತೂಕ ಹೆಚ್ಚಿದಂತೆ ಓದು ಇಳಿಯುತ್ತಾ ಹೋದರೆ ಅಲ್ಲಿ ಘರ್ಷಣೆಯ ಜೊತೆಗೆ ಅಂಟೂ ಸೇರಿದೆ ಎಂದು ತಿಳಿಯಬೇಕು.

ಆಲೆಮನೆಯಲ್ಲಿ ಈ ತೊಡಕು ಬಂದೇ ಬರುತ್ತದೆ. ಬೆಲ್ಲ ಗಾಳಿಯ ತೇವವನ್ನು ಎಳೆದುಕೊಂಡು ಮೇಲ್ಮೈಯಲ್ಲಿ ಜಿಗುಟಾಗುತ್ತದೆ, ಪೆಟ್ಟಿಗೆಯ ತಳಕ್ಕೂ ಅದು ತಾಗುತ್ತದೆ. ಕಾಲು ಕಿಲೋ ತೂಕದ ಅಚ್ಚುಬೆಲ್ಲವನ್ನೇ ಹಲಗೆಯ ಮೇಲಿಟ್ಟಾಗ ಅದು 62 ಸೆಂ.ಮೀ. ಎತ್ತರದಲ್ಲಿ ಜಾರಿತು, ಮೇಲೆ ಒಂದು ಕಿಲೋ ಹೇರಿದಾಗ 45ರಲ್ಲಿಯೇ ಜಾರಿತು ಎಂದು ಭಾವಿಸೋಣ. ಹಾಗಿದ್ದರೆ ಗುಣಾಂಕ 0.62 ಎನ್ನುವುದೂ ತಪ್ಪು, 0.45 ಎನ್ನುವುದೂ ತಪ್ಪು. ಅಂಟಿನ ಬಲವನ್ನು A ಎಂದು ಕರೆದರೆ ಜಾರುವ ಕ್ಷಣದ ಸಮೀಕರಣ ಹೀಗಾಗುತ್ತದೆ.

```
tan θ = μ + A / (mg cos θ)
```

ಅಂಟಿನ ಬಲ ತೂಕದೊಂದಿಗೆ ಬದಲಾಗುವುದಿಲ್ಲ ಎಂದು ಹಿಡಿದು ಎರಡು ಓದುಗಳಿಂದ ಎರಡು ಸಮೀಕರಣ ಬರೆದು ಬಿಡಿಸಿದರೆ μ ಸುಮಾರು 0.41 ಮತ್ತು A ಸುಮಾರು 44 ಗ್ರಾಂ ತೂಕದಷ್ಟು ಎಂದು ಬರುತ್ತದೆ. ಕಾಲು ಕಿಲೋ ಅಚ್ಚಿಗೆ 44 ಗ್ರಾಂ ದೊಡ್ಡ ಪಾಲು, ಒಂದೂಕಾಲು ಕಿಲೋಗೆ ಅದು ಅಲ್ಪ. ಹಗುರವಾದ ವಸ್ತು ಕಡಿದಾದ ಹಲಗೆಯ ಮೇಲೂ ಅಂಟಿಕೊಂಡು ನಿಲ್ಲುವುದಕ್ಕೆ ಇದೇ ಕಾರಣ. ಎರಡೇ ಓದುಗಳಿಂದ ಬಿಡಿಸಿದ ಲೆಕ್ಕವನ್ನು ಮೂರನೆಯ ತೂಕವೊಂದನ್ನು ಹೇರಿ ಸರಿನೋಡಬೇಕು. ಅದು ಹೊಂದದಿದ್ದರೆ ತೂಕ ಹೆಚ್ಚಿದಂತೆ ಬೆಲ್ಲ ಚಪ್ಪಟೆಯಾಗಿ ಹೆಚ್ಚು ಜಾಗಕ್ಕೆ ಅಂಟುತ್ತಿದೆ ಎಂದು ಊಹಿಸಬಹುದು.

ಜಗುಲಿಯ ಹಲಗೆ

ಆರಂಭದ ಪ್ರಶ್ನೆಗೆ ಈಗ ಉತ್ತರ ಕೊಡಬಹುದು. ತಳ ಒಣಗಿರುವ ಪೆಟ್ಟಿಗೆಗಳಿಗೆ ಗುಣಾಂಕ 0.37, ಹರವು 0.01. ಸರಾಸರಿಗೆ ಸರಿಯಾಗಿ ಹಲಗೆಯನ್ನು ಇಟ್ಟರೆ ಅರ್ಧದಷ್ಟು ಪೆಟ್ಟಿಗೆಗಳು ನಿಂತುಬಿಡುತ್ತವೆ. ಮಳೆಗಾಲದ ತೇವಕ್ಕೂ ಅಲ್ಪಸ್ವಲ್ಪ ಜಿಗುಟಿಗೂ ಅವಕಾಶ ಬಿಟ್ಟು ಇಳಿಜಾರನ್ನು 0.42ಕ್ಕೆ ಹೊಂದಿಸುವುದು ವಿವೇಕ. ಜಗುಲಿ 120 ಸೆಂ.ಮೀ. ಎತ್ತರವಿದ್ದರೆ ಹಲಗೆಯ ಬುಡ ಜಗುಲಿಯ ಗೋಡೆಯಿಂದ 286 ಸೆಂ.ಮೀ. ದೂರದಲ್ಲಿ ಇರಬೇಕು, ಹಲಗೆಯ ಉದ್ದ 310 ಸೆಂ.ಮೀ. ಆಗುತ್ತದೆ.

ಆದರೆ ಈ ವಿಧಾನ ಹೇಳುವುದು ಪೆಟ್ಟಿಗೆ ಹೊರಡುತ್ತದೆಯೇ ಎಂಬುದನ್ನು ಮಾತ್ರ. ಹೊರಟ ಮೇಲೆ ಕೆಲಸ ಮಾಡುವುದು ಚಲನ ಘರ್ಷಣೆ, ಮತ್ತು ಅದರ ಗುಣಾಂಕ ಸಾಮಾನ್ಯವಾಗಿ ಸ್ಥಾಯಿ ಘರ್ಷಣೆಯದಕ್ಕಿಂತ ಕಡಿಮೆ. ಹೊರಟ ತುಂಡು ನಿಧಾನವಾಗಿ ಸಾಗದೆ ವೇಗ ಕೂಡಿಸಿಕೊಳ್ಳುತ್ತಲೇ ಹೋಗುವುದು ಅದರಿಂದಲೇ. ಬುಡದಲ್ಲಿ ಪೆಟ್ಟಿಗೆಯ ವೇಗ ಎಷ್ಟಿರುತ್ತದೆ, ಅದನ್ನು ತಡೆಯಲು ಎಷ್ಟು ದಪ್ಪದ ಹುಲ್ಲಿನ ಹಾಸು ಬೇಕು ಎಂಬುದನ್ನು ತಿಳಿಯಲು, ಜಾರುತ್ತಿರುವ ತುಂಡು ಒಂದು ಮೀಟರ್ ಇಳಿಯಲು ತೆಗೆದುಕೊಳ್ಳುವ ಸಮಯವನ್ನು ಬೇರೆಯಾಗಿ ಅಳೆಯಬೇಕಾಗುತ್ತದೆ.